ರೂಮ್‌ಮೇಟ್ ಬರುವ ಮುಂಚೆ ಓನರ್ ಸಹಿ: ಒಪ್ಪಿಗೆ ಪತ್ರ ಪಡೆಯುವುದು ಹೇಗೆ?

ಬೆಂಗಳೂರಿನಲ್ಲಿ ಎರಡು ರೂಮಿನ ಮನೆ ಹಿಡಿದ ಗೆಳೆಯರಲ್ಲಿ ಒಬ್ಬರು ಬೇರೆ ಊರಿಗೆ ಹೋಗುವುದು ಸಾಮಾನ್ಯ. ಉಳಿದವರು ಬಾಡಿಗೆ ಒಬ್ಬರೇ ಕಟ್ಟಲಾಗದೆ ಇನ್ನೊಬ್ಬರನ್ನು ಹುಡುಕುತ್ತಾರೆ. ಹುಡುಕಿ, ಅವರ ಬ್ಯಾಗು ಮನೆಯೊಳಗೆ ಬಂದ ಮೇಲೆ ಓನರ್‌ಗೆ ಹೇಳುತ್ತಾರೆ. ಜಗಳ ಶುರುವಾಗುವುದೇ ಇಲ್ಲಿ. ಹೇಳುವ ಕ್ರಮ ತಿರುವುಮುರುವು ಆಯಿತಲ್ಲ, ಅದೇ ಕಾರಣ. ಹೊಸಬರು ಒಳ್ಳೆಯವರೇ ಇರಬಹುದು, ಆದರೆ ಓನರ್ ಕಣ್ಣಿಗೆ ನೀವು ಕೇಳದೆ ಮಾಡಿದವರು.

ಇಲ್ಲಿ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ಹೋಗೋಣ. ವಿಜಯನಗರದಲ್ಲಿ ಒಂದು ಮನೆ, ಮೊದಲ ಮಹಡಿ. ಓನರ್ ದಂಪತಿ ಕೆಳಗೇ ಇದ್ದಾರೆ. ಬಾಡಿಗೆ 24,000 ರೂಪಾಯಿ, ಅಡ್ವಾನ್ಸ್ 1,50,000. ಕರಾರು ಜೂನ್ 1ರಿಂದ ಏಪ್ರಿಲ್ 30ರವರೆಗೆ, ಹನ್ನೊಂದು ತಿಂಗಳು. ಕರಾರಿನಲ್ಲಿ ನಿಮ್ಮ ಹೆಸರು ಮಾತ್ರ ಇದೆ. ಗೆಳೆಯ ಅರ್ಧ ಬಾಡಿಗೆ, ಅರ್ಧ ಅಡ್ವಾನ್ಸ್ ಹಾಕಿಕೊಂಡು ಜೊತೆಗಿದ್ದ, ಓನರ್‌ಗೂ ಅದು ಗೊತ್ತು. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ, ನವೆಂಬರ್ ಕೊನೆಗೆ ಹೊರಡುತ್ತಾನೆ. ಡಿಸೆಂಬರ್ 1ಕ್ಕೆ ನಿಮ್ಮ ಆಫೀಸಿನವರೊಬ್ಬರು ಬರಬೇಕು ಎಂದಿದ್ದಾರೆ.

ಮೊದಲು ಕರಾರು ಪತ್ರ ತೆಗೆದು ಓದಿ

ಹೆಚ್ಚಿನವರು ಸಹಿ ಹಾಕಿದ ದಿನ ಬಿಟ್ಟರೆ ಆ ಪತ್ರವನ್ನು ಮತ್ತೆ ನೋಡಿರುವುದಿಲ್ಲ. ಈಗ ನೋಡಿ. ‘ಮನೆಯನ್ನಾಗಲಿ, ಅದರ ಭಾಗವನ್ನಾಗಲಿ ಒಳಬಾಡಿಗೆಗೆ ಕೊಡತಕ್ಕದ್ದಲ್ಲ’ ಎಂಬ ಅರ್ಥದ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಇಂಗ್ಲಿಷ್ ಕರಾರಾದರೆ ಸಬ್‌ಲೆಟ್, ಅಂಡರ್‌ಲೆಟ್ ಎಂಬ ಪದಗಳನ್ನು ಹುಡುಕಿ. ಆ ಸಾಲಿನ ಕೊನೆಯಲ್ಲಿ ‘ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ’ ಎಂದು ಸೇರಿಸಿದ್ದರೆ ನಿಮ್ಮ ದಾರಿ ಸುಲಭ. ಕೇಳಲು ಬಾಗಿಲು ಅಲ್ಲೇ ತೆರೆದಿದೆ. ಆ ಮಾತು ಇಲ್ಲದೆ ಬರೀ ‘ಕೊಡತಕ್ಕದ್ದಲ್ಲ’ ಅಂತಿದ್ದರೂ ಕೇಳಬಹುದು, ಓನರ್ ಮನಸ್ಸು ಮಾಡಿದರೆ ಕೊಡಬಹುದು. ಆದರೆ ಆಗ ಒಪ್ಪಿಗೆ ಪತ್ರದಲ್ಲಿ ‘ಕರಾರಿನ ಇಷ್ಟನೇ ಷರತ್ತು ಏನೇ ಇದ್ದರೂ’ ಎಂದು ಆ ಷರತ್ತಿನ ಸಂಖ್ಯೆ ಹಾಕಿ ಬರೆಸಬೇಕು.

ಇನ್ನೊಂದು ಸಾಲನ್ನೂ ನೋಡಿ. ‘ಬಾಡಿಗೆದಾರರು ಮತ್ತು ಅವರ ಕುಟುಂಬದವರು ಮಾತ್ರ ವಾಸಿಸತಕ್ಕದ್ದು’ ಎಂದು ಕೆಲವರು ಹಾಕಿರುತ್ತಾರೆ. ಒಳಬಾಡಿಗೆ ಬಗ್ಗೆ ಕರಾರಿನಲ್ಲಿ ಏನೂ ಇಲ್ಲದಿದ್ದರೂ ಈ ಒಂದು ಸಾಲು ಸಾಕು, ರೂಮ್‌ಮೇಟ್‌ಗೆ ಒಪ್ಪಿಗೆ ಬೇಕೇ ಬೇಕು.

ಕಾನೂನಿನ ಮಾತು ಸ್ವಲ್ಪ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬುದೊಂದಿದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟದ ಮನೆಗಳಿಗೆ ಅದು ಅನ್ವಯ. ಇವತ್ತು ಆ ಬಾಡಿಗೆಗೆ ಮನೆ ಎಲ್ಲಿದೆ ಹೇಳಿ! ಹಾಗಾಗಿ ನಮ್ಮ ನಿಮ್ಮ ಮನೆಗಳು ಆಸ್ತಿ ವರ್ಗಾವಣೆ ಕಾಯ್ದೆ, 1882ರ ಅಡಿ ಬರುತ್ತವೆ. ಅದರ 108ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಬೇಡ ಎಂದು ಇಲ್ಲದಿದ್ದರೆ ಬಾಡಿಗೆದಾರ ಒಳಬಾಡಿಗೆಗೆ ಕೊಡಬಹುದು. ಇದನ್ನು ಎಲ್ಲೋ ಓದಿಕೊಂಡು ‘ನನಗೆ ಹಕ್ಕಿದೆ’ ಎಂದು ವಾದಕ್ಕೆ ಇಳಿಯುವವರಿದ್ದಾರೆ. ಕರಾರಿನಲ್ಲಿ ಬೇಡ ಎಂದು ಬರೆದಿದ್ದರೆ ಆ ಹಕ್ಕು ಅಲ್ಲಿಗೇ ಮುಗಿಯಿತು. ಅದಕ್ಕೇ ಮೊದಲು ಕರಾರು ಓದಿ ಅಂದದ್ದು.

ಏನು ಕೇಳುತ್ತಿದ್ದೀರಿ ಎಂಬುದು ನಿಮಗೇ ಸ್ಪಷ್ಟವಿರಲಿ

ಓನರ್ ಹತ್ತಿರ ‘ಒಬ್ಬ ಫ್ರೆಂಡ್ ಬರ್ತಾನೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. ಇದರಲ್ಲಿ ಮೂರು ಬಗೆ ಇದೆ.

ಒಂದು, ಹೊಸಬರು ನಿಮ್ಮ ಜೊತೆ ವಾಸ ಮಾತ್ರ ಮಾಡುತ್ತಾರೆ. ಕರಾರು, ಅಡ್ವಾನ್ಸ್ ಎಲ್ಲ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಓನರ್‌ಗೆ ಲೆಕ್ಕ ಕೊಡುವವರು ನೀವೊಬ್ಬರೇ. ಎರಡು, ಹೊಸಬರ ಹೆಸರೂ ಕರಾರಿಗೆ ಸೇರುತ್ತದೆ, ಇಬ್ಬರೂ ಸಮಾನ ಬಾಡಿಗೆದಾರರು. ಆಗ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ’ ಎಂಬ ಮಾತು ಕರಾರಿಗೆ ಬರುತ್ತದೆ. ಒಬ್ಬರು ಬಾಡಿಗೆ ಕಟ್ಟದಿದ್ದರೆ ಪೂರ್ತಿ 24,000ವನ್ನು ಇನ್ನೊಬ್ಬರಿಂದ ಕೇಳಬಹುದು ಎಂಬುದು ಅದರ ಅರ್ಥ. ಮೂರು, ನಿಜವಾದ ಒಳಬಾಡಿಗೆ. ಒಂದು ರೂಮಿಗೆ ಬೀಗ ಹಾಕಿ ಕೀಲಿಯನ್ನು ಅವರ ಕೈಗೆ ಕೊಟ್ಟು, ಅವರಿಂದ ಬಾಡಿಗೆ ನೀವು ತೆಗೆದುಕೊಳ್ಳುತ್ತೀರಿ. ಆರು ತಿಂಗಳು ಹೊರದೇಶಕ್ಕೆ ಹೋಗುವವರು, ಮನೆ ಬಿಡಲು ಇಷ್ಟವಿಲ್ಲದವರು ಕೇಳುವುದು ಇದನ್ನೇ.

ನಮ್ಮ ಉದಾಹರಣೆಗೆ ಮೊದಲನೆಯದು ಸಾಕು ಎಂದು ನನ್ನ ಅಭಿಪ್ರಾಯ. ಕರಾರು ಮುಗಿಯಲು ಇನ್ನು ಐದೇ ತಿಂಗಳಿದೆ. ಈಗ ಕೇವಲ ವಾಸಕ್ಕೆ ಒಪ್ಪಿಗೆ ತೆಗೆದುಕೊಂಡು, ಮೇನಲ್ಲಿ ಹೊಸ ಕರಾರು ಮಾಡುವಾಗ ಇಬ್ಬರ ಹೆಸರನ್ನೂ ಹಾಕಿಸಿ. ಅಷ್ಟರಲ್ಲಿ ಓನರ್‌ಗೂ ಹೊಸಬರ ಮುಖಪರಿಚಯ ಆಗಿರುತ್ತದೆ.

ಓನರ್ ಹೆದರುವುದು ಯಾವುದಕ್ಕೆ?

ಇದು ತಿಳಿಯದೆ ಹೋದರೆ ಮಾತು ಮುಂದೆ ಸಾಗುವುದಿಲ್ಲ. ಬೆಂಗಳೂರಿನ ಓನರ್‌ಗಳಿಗೆ ಒಳಬಾಡಿಗೆ ಅಂದರೆ ಗಾಬರಿ, ಅದಕ್ಕೆ ಕಾರಣವೂ ಇದೆ. ಓನರ್‌ಗೆ ತಿಂಗಳ ಬಾಡಿಗೆ ಕೊಡುತ್ತೇವೆಂದು ಮನೆ ಹಿಡಿದು, ಅದೇ ಮನೆಯನ್ನು ಇನ್ನೊಬ್ಬರಿಗೆ ಲಕ್ಷಗಟ್ಟಲೆ ಭೋಗ್ಯಕ್ಕೆ ಹಾಕಿ, ದುಡ್ಡು ಎತ್ತಿಕೊಂಡು ಓಡಿಹೋದ ಪ್ರಕರಣಗಳು ಈ ಊರಿನಲ್ಲಿ ನಡೆದಿವೆ. ಆಮೇಲೆ ಮನೆಯಲ್ಲಿ ಇರುವವರು ‘ನಾವು ದುಡ್ಡು ಕೊಟ್ಟಿದ್ದೇವೆ, ಖಾಲಿ ಮಾಡಲ್ಲ’ ಎನ್ನುತ್ತಾರೆ. ಓನರ್ ಕೋರ್ಟು ಕಚೇರಿ ಅಲೆಯಬೇಕು. ಎರಡನೆಯ ಭಯ, ಇಬ್ಬರು ಎಂದು ಬಂದು ಆರು ಜನ ಸೇರಿ ಮನೆಯೇ ಪಿಜಿ ಆಗುವುದು. ಮೂರನೆಯದು ನೀರು. ಬೇಸಿಗೆಯಲ್ಲಿ ಸಂಪ್ ಬರಿದಾಗಿ ಟ್ಯಾಂಕರ್ ಕರೆಸುವ ಮನೆಯಲ್ಲಿ ಒಂದು ತಲೆ ಹೆಚ್ಚಾದರೂ ಲೆಕ್ಕವೇ.

ನಿಮ್ಮ ಪತ್ರ ಈ ಮೂರಕ್ಕೂ ಕೇಳುವ ಮುಂಚೆಯೇ ಉತ್ತರ ಕೊಡಬೇಕು. ನಮ್ಮ ಉದಾಹರಣೆಯಲ್ಲಿ ಒಬ್ಬ ಹೋಗುತ್ತಾನೆ, ಒಬ್ಬರು ಬರುತ್ತಾರೆ. ತಲೆ ಲೆಕ್ಕ ಎರಡೇ. ಇದನ್ನು ಮೊದಲ ಸಾಲಿನಲ್ಲೇ ಹೇಳಿ. ತಲೆ ಹೆಚ್ಚಾಗುವುದಾದರೆ ನೀರಿಗೆ ತಿಂಗಳಿಗೆ ಇಷ್ಟು ಜಾಸ್ತಿ ಕೊಡುತ್ತೇವೆ ಎಂದು ನೀವೇ ಮುಂದಾಗಿ ಹೇಳಿ. ಬಾಡಿಗೆಯನ್ನೇ ಏರಿಸುವ ಮಾತು ಬಂದರೆ, ಅದನ್ನು ಕರಾರು ನವೀಕರಣದ ವೇಳೆಗೆ ಮುಂದೂಡಲು ನೋಡಿ.

ಬಾಯಿಮಾತು ಮೊದಲು, ಪತ್ರ ಆಮೇಲೆ

ಹೊಸಬರು ಬರುವ ಒಂದು ತಿಂಗಳ ಮುಂಚೆ ಕೇಳಿ. ಆ ತಿಂಗಳ ಬಾಡಿಗೆ ಕಟ್ಟಿದ ಮೇಲೆ ಕೇಳಿ, ಬಾಕಿ ಇಟ್ಟುಕೊಂಡು ಕೇಳಬೇಡಿ. ಪತ್ರವನ್ನು ನೇರವಾಗಿ ಕೈಗಿಟ್ಟರೆ ಹಿರಿಯರಿಗೆ ಅದು ನೋಟಿಸ್ ಕೊಟ್ಟಂತೆ ಅನ್ನಿಸುತ್ತದೆ. ಕೆಳಗೆ ಹೋಗಿ ಕೂತು ಹೇಳಿ: “ಅಂಕಲ್, ನನ್ನ ಫ್ರೆಂಡ್‌ಗೆ ಪುಣೆಯಲ್ಲಿ ಕೆಲಸ ಆಯ್ತು. ಈ ತಿಂಗಳ ಕೊನೆಗೆ ಹೋಗ್ತಾನೆ. ಅವನ ಜಾಗಕ್ಕೆ ನಮ್ಮ ಆಫೀಸಿನವರೊಬ್ಬರು ಬರಬೇಕು ಅಂತಿದ್ದಾರೆ. ನೀವು ಹೂಂ ಅಂದ್ರೆ ಮಾತ್ರ. ಭಾನುವಾರ ಕರೆದುಕೊಂಡು ಬರಲಾ, ಒಮ್ಮೆ ಮಾತಾಡ್ತೀರಾ?”

“ಯಾವ ಊರಪ್ಪಾ ಅವರು? ಗಾಡಿ ಇದೆಯಾ? ಅಡುಗೆ ಎಲ್ಲ ಮನೆಯಲ್ಲೇನಾ?” ಇಂಥ ಪ್ರಶ್ನೆಗಳು ಬರುತ್ತವೆ. ಗಾಡಿ, ನೈಟ್ ಶಿಫ್ಟ್, ಮಾಂಸದಡುಗೆ ಇವುಗಳ ಬಗ್ಗೆ ಇದ್ದದ್ದನ್ನೇ ಹೇಳಿ. ಮುಚ್ಚಿಟ್ಟದ್ದು ವಾರದಲ್ಲಿ ವಾಸನೆಯಿಂದಲೋ ಗೇಟಿನ ಸದ್ದಿನಿಂದಲೋ ಗೊತ್ತಾಗುತ್ತದೆ. ಜಾತಿ ಯಾವುದು ಎಂದು ಕೇಳಿದರೆ ಆಫೀಸು, ಊರು ಹೇಳಿ ಮಾತು ತಿರುಗಿಸಬಹುದು. ಅದಕ್ಕೂ ಬಿಡದೆ ಹಿಡಿದು ಕೇಳುವ ಓನರ್ ಆದರೆ, ಹೊಸಬರಿಗೆ ಆ ವಿಷಯ ಮೊದಲೇ ತಿಳಿಸುವುದು ಒಳ್ಳೆಯದು. ಅಲ್ಲಿ ಇರಬೇಕಾದವರು ಅವರು, ತೀರ್ಮಾನವೂ ಅವರದ್ದೇ.

ಓನರ್ “ಆಯ್ತು ಬಿಡಪ್ಪಾ, ಇರಲಿ” ಎನ್ನುತ್ತಾರೆ. ಅಲ್ಲಿಗೇ ನಿಲ್ಲಿಸಿಬಿಡುವವರೇ ಜಾಸ್ತಿ. ಇಂಥ ಒಪ್ಪಿಗೆ ಎಷ್ಟು ದಿನ ಬಾಳುತ್ತದೆ? ನಾಳೆ ಮನೆ ವ್ಯವಹಾರ ಮಗನ ಕೈಗೆ ಹೋಗಬಹುದು, ಮನೆಯೇ ಮಾರಾಟವಾಗಬಹುದು. ಹೊಸದಾಗಿ ಬಂದವರು ಕರಾರು ತೆಗೆದು ‘ಇದರಲ್ಲಿ ಒಬ್ಬರ ಹೆಸರಿದೆ, ಇವರು ಯಾರು?’ ಎಂದರೆ ನಿಮ್ಮ ಹತ್ತಿರ ತೋರಿಸಲು ಏನೂ ಇಲ್ಲ.

“ಪೇಪರ್ ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಕೇಳಿದರೆ ನಿಜವಾದ ಕಾರಣವನ್ನೇ ಹೇಳಿ. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡುವಾಗ ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಬರೆಯಬೇಕಾಗುತ್ತದೆ. ಏನಾದರೂ ಆದರೆ ಪೊಲೀಸರು ಮೊದಲು ಕೇಳುವುದು ಓನರ್‌ನ್ನೇ. ಕಾಗದದಲ್ಲಿ ಹೊಸಬರ ಹೆಸರು, ಗುರುತು, ಊರಿನ ವಿಳಾಸ, ಬಿಡುವ ದಿನ ಎಲ್ಲ ಇದ್ದರೆ ಅದು ಓನರ್‌ಗೇ ಕಾವಲು. ಹೀಗೆ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ, ಯಾಕೆಂದರೆ ಅದು ನಿಜ.

ಪತ್ರ

ಒಂದೇ ಹಾಳೆ. ಮೇಲೆ ನಿಮ್ಮ ಮನವಿ, ಕೆಳಗೆ ಅವರ ಒಪ್ಪಿಗೆ. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದರೆ ಯಾವುದಕ್ಕೆ ಒಪ್ಪಿದರು ಎಂಬ ಪ್ರಶ್ನೆ ಏಳುತ್ತದೆ. ಓನರ್ ಸುಲಭವಾಗಿ ಓದುವ ಭಾಷೆಯಲ್ಲಿ ಬರೆಯಿರಿ. ಹೀಗಿರಲಿ:

> ದಿನಾಂಕ: 3 ನವೆಂಬರ್ …
>
> ಇವರಿಗೆ: ಶ್ರೀ / ಶ್ರೀಮತಿ …, ಮನೆ ಮಾಲೀಕರು
>
> ವಿಷಯ: ಮೊದಲ ಮಹಡಿಯ ಮನೆಯಲ್ಲಿ ಒಬ್ಬರು ವಾಸಿಗಳ ಬದಲಾವಣೆಗೆ ಒಪ್ಪಿಗೆ
>
> ಜೂನ್ 1ರ ಬಾಡಿಗೆ ಕರಾರಿನಂತೆ ನಾನು ಈ ಮನೆಯಲ್ಲಿದ್ದೇನೆ. ನನ್ನ ಜೊತೆ ಇದ್ದ … ಅವರು ನವೆಂಬರ್ 30ಕ್ಕೆ ಬಿಡುತ್ತಿದ್ದಾರೆ. ಅವರ ಬದಲಿಗೆ … (ಪೂರ್ತಿ ಹೆಸರು, ಊರಿನ ವಿಳಾಸ, ಕೆಲಸದ ಸ್ಥಳ) ಅವರು ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ ನನ್ನೊಂದಿಗೆ ವಾಸಿಸಲು ಒಪ್ಪಿಗೆ ಕೋರುತ್ತೇನೆ.
>
> ಮನೆಯಲ್ಲಿ ಇರುವವರು ಒಟ್ಟು ಇಬ್ಬರೇ. ಬಾಡಿಗೆ 24,000 ರೂ. ಮತ್ತು ಅಡ್ವಾನ್ಸ್ 1,50,000 ರೂ. ಹಾಗೇ ಇರುತ್ತದೆ. ಪೂರ್ತಿ ಬಾಡಿಗೆಗೂ ಮನೆಯ ಹಾನಿಗೂ ನಾನೇ ಹೊಣೆ. ನಾನು ಮನೆ ಬಿಡುವ ದಿನವೇ ಅವರೂ ಬಿಡುತ್ತಾರೆ. ಮನೆಯ ಮೇಲೆ ಅವರಿಂದ ನಾನು ಭೋಗ್ಯದ ಹಣ ಪಡೆದಿಲ್ಲ, ಪಡೆಯುವುದಿಲ್ಲ.
>
> (ನಿಮ್ಮ ಸಹಿ) (ಹೊಸಬರ ಸಹಿ)
>
> ಮಾಲೀಕರ ಒಪ್ಪಿಗೆ: ಮೇಲಿನಂತೆ … ಅವರು ಏಪ್ರಿಲ್ 30ರವರೆಗೆ ವಾಸಿಸಲು, ಕರಾರಿನ … ನೇ ಷರತ್ತು ಏನೇ ಇದ್ದರೂ, ನನ್ನ ಒಪ್ಪಿಗೆ ಇದೆ. ಕರಾರಿನ ಉಳಿದ ಷರತ್ತುಗಳು ಹಾಗೇ ಇರುತ್ತವೆ.
>
> (ಮಾಲೀಕರ ಸಹಿ, ದಿನಾಂಕ)

ಎರಡು ಪ್ರತಿ ಮಾಡಿ, ಎರಡಕ್ಕೂ ಎಲ್ಲರ ಸಹಿ ಇರಲಿ. ಹೊಸಬರ ಆಧಾರ್ ಪ್ರತಿ ಕೊಡಬೇಕಾದರೆ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಪ್ರತಿಯ ಮೇಲೆ ‘ಬಾಡಿಗೆ ಮನೆ ಒಪ್ಪಿಗೆಗೆ ಮಾತ್ರ’ ಎಂದು ಅಡ್ಡ ಬರೆದು ಸಹಿ ಹಾಕಿಸಿ.

ಸಹಿ ಯಾರದ್ದು ಎಂಬುದರಲ್ಲಿ ಎಡವುವವರು ತುಂಬ. ಕರಾರಿನಲ್ಲಿ ಮಾಲೀಕರೆಂದು ಯಾರ ಹೆಸರಿದೆಯೋ ಅವರೇ ಹಾಕಬೇಕು. ಬಾಡಿಗೆ ತೆಗೆದುಕೊಳ್ಳುವುದು ಆಂಟಿ, ಕರಾರು ಅಂಕಲ್ ಹೆಸರಲ್ಲಿ ಎಂದಾದರೆ ಅಂಕಲ್ ಸಹಿ ಬೇಕು. ಇಬ್ಬರ ಹೆಸರೂ ಇದ್ದರೆ ಇಬ್ಬರದ್ದೂ. ಬ್ರೋಕರ್ ಹೂಂ ಅಂದದ್ದು, ಕೇರ್‌ಟೇಕರ್ ತಲೆಯಾಡಿಸಿದ್ದು ಒಪ್ಪಿಗೆ ಅಲ್ಲ. ಮಗ ಸಹಿ ಹಾಕುತ್ತಾನೆ ಎಂದರೆ ಅವನಿಗೆ ಪವರ್ ಆಫ್ ಅಟಾರ್ನಿ ಇದೆಯೇ ಎಂದು ಕೇಳಿ.

ಓನರ್ ಹೊರದೇಶದಲ್ಲಿದ್ದರೆ ಇದೇ ಪತ್ರವನ್ನು ಈಮೇಲ್ ಮಾಡಿ, ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸಲು ಹೇಳಿ. ವಾಟ್ಸಾಪಿನಲ್ಲಿ ಬಂದ ಒಪ್ಪಿಗೆ ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ಬರೀ ಹೆಬ್ಬೆರಳು ಎತ್ತಿದ ಇಮೋಜಿ ಬಂದರೆ ನೆಚ್ಚಬೇಡಿ. ಯಾರು, ಯಾವಾಗಿನಿಂದ, ಎಲ್ಲಿಯವರೆಗೆ ಎಂಬುದು ಅವರ ಉತ್ತರದಲ್ಲೇ ಇರಬೇಕು. ಉತ್ತರವೇ ಬರದಿದ್ದರೆ ಅದನ್ನು ಒಪ್ಪಿಗೆ ಎಂದು ಓದಿಕೊಳ್ಳಬೇಡಿ.

ಅಡ್ವಾನ್ಸ್ ಲೆಕ್ಕ

ಓನರ್ ಹತ್ತಿರ ಇರುವ 1,50,000 ಅಲ್ಲೇ ಇರುತ್ತದೆ. ಅದರಲ್ಲಿ 75,000 ಪುಣೆಗೆ ಹೋಗುವ ಗೆಳೆಯನದ್ದು. ಹೊಸಬರು 75,000 ಕೊಟ್ಟು, ಅದನ್ನು ಗೆಳೆಯನಿಗೆ ದಾಟಿಸಿದರೆ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಪೇಂಟಿಂಗ್ ಮರೆತುಹೋಗಿರುತ್ತದೆ.

ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿಯುವುದು ಇಲ್ಲಿ ರೂಢಿ. ನಿಮ್ಮ ಕರಾರಿನಲ್ಲೂ ಹಾಗೇ ಇದೆ ಎಂದಿಟ್ಟುಕೊಳ್ಳಿ. ಏಪ್ರಿಲ್ ಕೊನೆಗೆ ಮನೆ ಬಿಟ್ಟರೆ 24,000 ಕಳೆದು 1,26,000 ಬರುತ್ತದೆ, ತಲಾ 63,000. ಅಂದರೆ ಐದು ತಿಂಗಳು ಇದ್ದ ಹೊಸಬರು 75,000 ಕೊಟ್ಟು 63,000 ಪಡೆಯುತ್ತಾರೆ. ಆರು ತಿಂಗಳು ಇದ್ದ ಗೆಳೆಯನಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಇದು ಅನ್ಯಾಯ ಅಲ್ವಾ?

ಆ ಅರ್ಧಪಾಲಿನ ಪೇಂಟಿಂಗ್ ಖರ್ಚು 12,000. ಹನ್ನೊಂದು ತಿಂಗಳಲ್ಲಿ ಆರು ಗೆಳೆಯನದ್ದು, ಅಂದರೆ ಸುಮಾರು 6,500. ಹಾಗಾಗಿ ಗೆಳೆಯನಿಗೆ 68,500 ಕೊಡಿ. ಹೊಸಬರೂ 68,500 ಮಾತ್ರ ಹಾಕಲಿ. ಕೊನೆಗೆ ಅವರಿಗೆ 63,000 ಬಂದಾಗ ಅವರ ಪಾಲಿಗೆ ಬೀಳುವುದು 5,500, ಐದು ತಿಂಗಳಿಗೆ ಸರಿಯಾದ ಲೆಕ್ಕ. ಬೀಗ, ನಲ್ಲಿ, ಬಾಗಿಲು ಏನಾದರೂ ಮುರಿದಿದ್ದರೆ ಗೆಳೆಯ ಹೋಗುವ ಮುಂಚೆಯೇ ಫೋಟೋ ತೆಗೆದು ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿ.

ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಅಡ್ವಾನ್ಸ್‌ನಲ್ಲಿ ಹೊಸಬರ ಪಾಲು ಇಷ್ಟು ಎಂದು ಓನರ್ ಪತ್ರದಲ್ಲಿ ಬರೆದುಕೊಟ್ಟರೆ ಒಳ್ಳೆಯದು. ಆದರೆ ಇಬ್ಬರ ಲೆಕ್ಕ ನನಗೆ ಬೇಡ ಎನ್ನುವ ಓನರ್‌ಗಳೇ ಜಾಸ್ತಿ. ಆಗ ನೀವು ಮತ್ತು ಹೊಸಬರು ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಿಕೊಳ್ಳಿ. ಬಾಡಿಗೆ ಪಾಲು, ಕರೆಂಟ್ ಪಾಲು, ಬಿಡುವ ಮುಂಚೆ ಎಷ್ಟು ದಿನ ಮೊದಲು ಹೇಳಬೇಕು ಎಂಬುದೂ ಅದರಲ್ಲೇ ಇರಲಿ.

ಹೊಸಬರು ಆಫೀಸಿನಲ್ಲಿ ಎಚ್‌ಆರ್‌ಎ ತೋರಿಸುವವರಾದರೆ ಅವರ ಪಾಲಿನ 12,000 ನೇರವಾಗಿ ಓನರ್ ಖಾತೆಗೆ ಹೋಗಿ, ಓನರ್ ಹೆಸರಿನ ರಸೀದಿ ಬರುವುದು ಅನುಕೂಲ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಆಫೀಸಿನವರು ಓನರ್‌ನ ಪ್ಯಾನ್ ಕೇಳುತ್ತಾರೆ. ಪ್ಯಾನ್ ಎಂದ ಕೂಡಲೇ ಕೆಲವು ಓನರ್‌ಗಳ ಮುಖ ಬದಲಾಗುತ್ತದೆ. ಅದಕ್ಕೇ ಇದನ್ನು ಮೊದಲೇ ಕೇಳಿಬಿಡಿ, ಜನವರಿಯಲ್ಲಿ ಆಫೀಸು ಕೇಳಿದಾಗ ಪರದಾಡಬೇಡಿ.

ನೀವೇ ಮನೆಯಲ್ಲಿ ಇಲ್ಲದ ಒಳಬಾಡಿಗೆ

ಇದಕ್ಕೆ ಮೇಲಿನ ಪತ್ರ ಸಾಲದು. ಓನರ್ ಮಟ್ಟಿಗೆ ಬಾಡಿಗೆದಾರ ನೀವೇ. ಒಳಗಿರುವವರು ಬಾಡಿಗೆ ಕೊಡಲಿ ಬಿಡಲಿ, ಓನರ್ ಕೇಳುವುದು ನಿಮ್ಮನ್ನೇ. ಹಾಗಾಗಿ ಪತ್ರದಲ್ಲಿ ಯಾವ ರೂಮು, ಅಡುಗೆಮನೆ ಬಾತ್‌ರೂಮು ಹಂಚಿಕೆ ಹೇಗೆ, ಅವರಿಂದ ನೀವು ಪಡೆಯುವ ಬಾಡಿಗೆ ಎಷ್ಟು, ನೀವಿಲ್ಲದಾಗ ಓನರ್ ಯಾರಿಗೆ ಫೋನ್ ಮಾಡಬೇಕು ಎಂದೂ ಬರೆಯಿರಿ. ಅವಧಿ ನಿಮ್ಮ ಕರಾರಿನ ಕೊನೆಯ ದಿನ ದಾಟಬಾರದು. ನಿಮ್ಮದೇ ಮುಗಿದ ಮೇಲೆ ಇನ್ನೊಬ್ಬರಿಗೆ ಏನು ಕೊಡಲು ಸಾಧ್ಯ? ನೀವು ಕೊಡುವುದಕ್ಕಿಂತ ಹೆಚ್ಚು ಬಾಡಿಗೆ ವಸೂಲು ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ಗೊತ್ತಾದ ದಿನ ಸಂಬಂಧ ಕೆಡುತ್ತದೆ. ಒಬ್ಬರಾದ ಮೇಲೆ ಒಬ್ಬರಿಗೆ ದಿನದ ಲೆಕ್ಕದಲ್ಲಿ ರೂಮು ಕೊಡುವುದಂತೂ ಬೇರೆಯೇ ವ್ಯವಹಾರ, ಈ ಒಪ್ಪಿಗೆ ಅದಕ್ಕೆ ಆಗುವುದಿಲ್ಲ.

ಒಳಬಾಡಿಗೆಗೆ ಬರುವವರು ನೀವಾದರೆ, ಅಡ್ವಾನ್ಸ್ ಕೊಡುವ ಮುಂಚೆ ಓನರ್ ಸಹಿಯ ಪತ್ರ ನೋಡಿ, ಓನರ್ ಜೊತೆ ಒಮ್ಮೆ ಮಾತಾಡಿ. ‘ಓನರ್‌ಗೆ ಗೊತ್ತು, ಪರವಾಗಿಲ್ಲ’ ಎಂಬ ಮಾತಿಗೆ ದುಡ್ಡು ಕೊಡಬೇಡಿ.

ಅಪಾರ್ಟ್‌ಮೆಂಟ್ ಆದರೆ ಸಂಘದ ಕಚೇರಿಗೂ ಒಂದು ಪ್ರತಿ ಕೊಡಬೇಕು. ಗೇಟಿನ ಆಪ್‌ನಲ್ಲಿ ಹೊಸಬರ ಹೆಸರು, ಪಾರ್ಕಿಂಗ್ ಸ್ಟಿಕರ್ ಇವಕ್ಕೆಲ್ಲ ಓನರ್ ಒಪ್ಪಿಗೆ ಕೇಳುವ ಸಂಘಗಳಿವೆ. ಸಾಮಾನು ತಂದು ಇಳಿಸುವ ದಿನ ಸೆಕ್ಯೂರಿಟಿ ಜೊತೆ ವಾದ ಮಾಡುವ ಬದಲು ಹಿಂದಿನ ವಾರವೇ ಮುಗಿಸಿಕೊಳ್ಳಿ.

ಇಲ್ಲ ಅಂದರೆ?

ಕರಾರಿನಲ್ಲಿ ನಿಷೇಧ ಇದ್ದರೆ ಓನರ್ ಇಲ್ಲ ಅನ್ನಬಹುದು. ಆದರೂ ಯಾಕೆ ಇಲ್ಲ ಎಂದು ಕೇಳಿ ತಿಳಿಯಿರಿ. ಆ ವ್ಯಕ್ತಿ ಬೇಡವೋ, ಯಾರೂ ಬೇಡವೋ? ವ್ಯಕ್ತಿ ಮಾತ್ರ ಬೇಡವಾದರೆ ಇನ್ನೊಬ್ಬರನ್ನು ತೋರಿಸಬಹುದು. ಯಾರೂ ಬೇಡವಾದರೆ ಎರಡು ತಿಂಗಳಿಗೆ ಮಾತ್ರ ಒಪ್ಪಿಗೆ ಕೊಡಿ, ಇಷ್ಟವಾಗದಿದ್ದರೆ ಹದಿನೈದು ದಿನದಲ್ಲಿ ಅವರು ಬಿಡುತ್ತಾರೆ ಎಂದು ಬರೆದುಕೊಡಬಹುದು. ಹೀಗೆ ಕೇಳಿದಾಗ ಮೆತ್ತಗಾಗುವ ಓನರ್‌ಗಳಿದ್ದಾರೆ.

ಅದಕ್ಕೂ ಇಲ್ಲ ಎಂದ ಮೇಲೆ ‘ಕಸಿನ್ ಬಂದಿದ್ದಾನೆ’ ಎಂದು ಹೊಸಬರನ್ನು ತಂದಿಟ್ಟುಕೊಳ್ಳುವವರಿದ್ದಾರೆ. ಓನರ್ ಸಾಮಾನು ಹೊರಗೆ ಎಸೆಯುವಂತಿಲ್ಲ, ನೀರು ಕರೆಂಟ್ ನಿಲ್ಲಿಸುವಂತಿಲ್ಲ, ಒಪ್ಪದವರನ್ನು ಖಾಲಿ ಮಾಡಿಸಲು ಕೋರ್ಟಿಗೇ ಹೋಗಬೇಕು ಎಂಬುದು ನಿಜ. ಆದರೆ ಅವರ ಕೈಯಲ್ಲಿ ನಿಮ್ಮ ಒಂದೂವರೆ ಲಕ್ಷ ಇದೆ. ಷರತ್ತು ಮುರಿದವರು ನೀವಾದಾಗ ಅದನ್ನು ಪೂರ್ತಿ ವಾಪಸ್ ಕೇಳುವ ಬಲ ನಿಮಗೆ ಇರುವುದಿಲ್ಲ. ಅಂಥ ಪರಿಸ್ಥಿತಿಯಲ್ಲಿ ಕರಾರಿನಲ್ಲಿರುವ ನೋಟಿಸ್ ಅವಧಿ ಒಂದು ತಿಂಗಳೋ ಎರಡೋ ನೋಡಿ, ಆ ದಿನವೇ ಬರಹದಲ್ಲಿ ನೋಟಿಸ್ ಕೊಟ್ಟು, ಹೊಸಬರ ಜೊತೆ ಸೇರಿ ಬೇರೆ ಮನೆ ಹುಡುಕಿ. ಅಲ್ಲಿ ಕರಾರು ಮಾಡುವಾಗ ಇಬ್ಬರ ಹೆಸರನ್ನೂ ಹಾಕಿಸಿ. ‘ಮಾಲೀಕರ ಲಿಖಿತ ಒಪ್ಪಿಗೆ ಪಡೆದು ಒಬ್ಬರು ವಾಸಿಗಳನ್ನು ಬದಲಿಸಬಹುದು’ ಎಂಬ ಸಾಲನ್ನೂ ಟೈಪಿಸ್ಟ್‌ಗೆ ಹೇಳಿ ಸೇರಿಸಿಕೊಳ್ಳಿ.